ಬೆಟ್ಟ ಎಲ್ಲಿ ಹೋಯಿತು? ಡೆಪ್ತ್ ಮ್ಯಾಪ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಡಿಸೈನ್ ಅಂಗಡಿ. ಫ್ಲೆಕ್ಸ್, ಮದುವೆ ಕಾರ್ಡ್, ವರ್ಷದ ಕೊನೆಗೆ ಕ್ಯಾಲೆಂಡರ್. ಕಳೆದ ಸಲ ಮಧುಗಿರಿ ಕಡೆಯ ಎಣ್ಣೆ ಗಾಣದವರೊಬ್ಬರು ಕ್ಯಾಲೆಂಡರ್ ಕೇಳಿಕೊಂಡು ಬಂದರು. ಎರಡು ತಿಂಗಳಿಗೆ ಒಂದು ಹಾಳೆಯಂತೆ ಆರು ಹಾಳೆ. ಆರರಲ್ಲೂ ಒಂದೇ ನೋಟ ಇರಬೇಕು: ಹಿಂದೆ ಮಧುಗಿರಿ ಬೆಟ್ಟ, ಮುಂದೆ ಕೆರೆ ಏರಿ, ಎಡಕ್ಕೆ ಅರಳಿ ಮರ. ಆದರೆ ಕಾಲ ಬದಲಾಗಬೇಕು. ಒಂದರಲ್ಲಿ ಬೇಸಿಗೆ, ಒಂದರಲ್ಲಿ ಮಳೆ, ಒಂದರಲ್ಲಿ ಕಡ್ಲೆಕಾಯಿ ಕಿತ್ತು ಹಾಕಿದ ಹೊಲ, ಕೊನೆಯದರಲ್ಲಿ ದೀಪಾವಳಿ ರಾತ್ರಿ. ಮೇಲೆ ಆಕಾಶದಲ್ಲಿ ಅವರ ಅಂಗಡಿ ಹೆಸರಿಗೆ ಜಾಗ ಬಿಟ್ಟಿರಬೇಕು.

ಫೋಟೋ ಅವರದೇ, ಫೋನಿನಲ್ಲಿ ತೆಗೆದದ್ದು. ಅದರಿಂದ ಡೆಪ್ತ್ ಮ್ಯಾಪ್, ಅಂದರೆ ಯಾವುದು ಹತ್ತಿರ ಯಾವುದು ದೂರ ಅಂತ ಕಪ್ಪುಬಿಳುಪಿನಲ್ಲಿ ತೋರಿಸುವ ಚಿತ್ರ ತೆಗೆದು, ಬರೆದು ಕೇಳಿದ್ದನ್ನು ಚಿತ್ರ ಮಾಡಿಕೊಡುವ ಎಐ ಸ್ಟೇಬಲ್ ಡಿಫ್ಯೂಷನ್‌ಗೆ ಕಂಟ್ರೋಲ್‌ನೆಟ್ ಮೂಲಕ ಕೊಟ್ಟೆ. ಮ್ಯಾಪ್ ಹೇಳಿದ ಜಾಗದಲ್ಲೇ ಎಲ್ಲವೂ ಬರುವಂತೆ ಹಿಡಿದಿಡುವುದು ಈ ಕಂಟ್ರೋಲ್‌ನೆಟ್‌ನ ಕೆಲಸ. ಬೇಸಿಗೆ ಚಿತ್ರ ಪರವಾಗಿಲ್ಲ ಅನ್ನುವಂತೆ ಬಂತು. ರಾತ್ರಿ ಚಿತ್ರದಲ್ಲಿ ಮರ ಇತ್ತು, ಏರಿ ಇತ್ತು, ಬೆಟ್ಟವೇ ಇರಲಿಲ್ಲ. ಅದಿದ್ದ ಕಡೆ ಒಂದು ದೊಡ್ಡ ಮೋಡ ಕೂತಿತ್ತು. ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಏನಣ್ಣ, ನಮ್ಮ ಬೆಟ್ಟ ಎಲ್ಲೋಯ್ತು?"

ಆ ಬೆಟ್ಟ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಯಾವ ಕ್ರಮದಲ್ಲಿ ಹುಡುಕಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತೋ ಆ ಕ್ರಮದಲ್ಲಿ ಬರೆಯುತ್ತೇನೆ. ನಾನು ಬಳಸುವುದು ಬ್ರೌಸರ್‌ನಲ್ಲಿ ತೆರೆಯುವ ವೆಬ್‌ಯುಐ, ಅದರ ಕಂಟ್ರೋಲ್‌ನೆಟ್ ಎಕ್ಸ್‌ಟೆನ್ಷನ್, ಮತ್ತು ಸ್ಟೇಬಲ್ ಡಿಫ್ಯೂಷನ್ 1.5, ಚಿಕ್ಕದಾಗಿ ಎಸ್‌ಡಿ 1.5 ತಳಿಯ ಒಂದು ಚೆಕ್‌ಪಾಯಿಂಟ್, ಅಂದರೆ ಚಿತ್ರ ಬಿಡಿಸುವ ಮಾಡೆಲ್‌ನ ಫೈಲ್. ಬೇರೆ ಸಾಫ್ಟ್‌ವೇರ್ ಆದರೆ ಬಟನ್‌ಗಳ ಹೆಸರು ಬೇರೆ ಇರುತ್ತದೆ, ರೋಗ ಮಾತ್ರ ಇದೇ.

ಕಂಟ್ರೋಲ್ ನಿಜವಾಗಿ ಓಡ್ತಿದೆಯಾ?

ಮೊದಲು ಇದನ್ನು ತೀರ್ಮಾನ ಮಾಡಿ. ಸೀಡ್, ಅಂದರೆ ಚಿತ್ರ ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಅಂಕಿಯನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿ, ಇಲ್ಲದಿದ್ದರೆ ಪ್ರತಿ ಸಲ ಬೇರೆ ಚಿತ್ರ ಬರುತ್ತದೆ. `Control Weight` 0 ಇಟ್ಟು ಒಂದು ಚಿತ್ರ, 1 ಇಟ್ಟು ಇನ್ನೊಂದು ಚಿತ್ರ ತೆಗೆಯಿರಿ. ಎರಡೂ ಒಂದೇ ಥರ ಬಂದರೆ ನಿಮ್ಮ ಮ್ಯಾಪ್ ಮಾಡೆಲ್‌ಗೆ ತಲುಪಿಯೇ ಇಲ್ಲ. ಆಗ ಮ್ಯಾಪ್ ತಿದ್ದುತ್ತಾ ಕೂರುವುದು ದಂಡ.

ತಲುಪದೇ ಇರುವುದಕ್ಕೆ ಕಾರಣ ಹೆಚ್ಚಾಗಿ ಸಣ್ಣದೇ. `Enable` ಟಿಕ್ ಆಗಿರುವುದಿಲ್ಲ. ಇಲ್ಲವೇ ಪ್ರಿಪ್ರೊಸೆಸರ್ ಆರಿಸಿ, ಪಕ್ಕದ `Model` ಜಾಗದಲ್ಲಿ `None` ಬಿಟ್ಟಿರುತ್ತೇವೆ. ಇವೆರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಪ್ರಿಪ್ರೊಸೆಸರ್ ನಿಮ್ಮ ಫೋಟೋದಿಂದ ಮ್ಯಾಪ್ ತಯಾರಿಸುತ್ತದೆ, ಅಷ್ಟೇ. ಆ ಮ್ಯಾಪ್ ಓದಿ ಚಿತ್ರಕ್ಕೆ ಲಗಾಮು ಹಾಕುವುದು ಮಾಡೆಲ್. ಮೂರನೆಯದು ತಳಿ ಹೊಂದಾಣಿಕೆ. ಎಸ್‌ಡಿ 1.5ರ ಕಂಟ್ರೋಲ್ ಮಾಡೆಲನ್ನು ಬೇರೆ ತಳಿಯಾದ ಎಸ್‌ಡಿ‌ಎಕ್ಸ್‌ಎಲ್ ಚೆಕ್‌ಪಾಯಿಂಟ್ ಜೊತೆ ಕೂಡಿಸಿದರೆ ವೆಬ್‌ಯುಐ ಜೊತೆ ತೆರೆದುಕೊಳ್ಳುವ ಕಪ್ಪು ಕಿಟಕಿಯಲ್ಲಿ `mat1 and mat2 shapes cannot be multiplied` ಅನ್ನುವ ಸಾಲು ಕಾಣಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತು, ಮೆಮೊರಿ ಸಾಲದು ಎಂದು ಗಾಬರಿ ಬೀಳಬೇಡಿ. ಜೋಡಿ ತಪ್ಪಿದೆ, ಅಷ್ಟೆ.

ನನ್ನದರಲ್ಲಿ ಇದ್ಯಾವುದೂ ಆಗಿರಲಿಲ್ಲ. ಮರವೂ ಏರಿಯೂ ಸರಿಯಾದ ಜಾಗದಲ್ಲೇ ಇದ್ದವಲ್ಲ. ಅಂದರೆ ಕಂಟ್ರೋಲ್ ಓಡುತ್ತಿದೆ, ಬೆಟ್ಟದ ಸುದ್ದಿ ಮಾತ್ರ ಹೇಳುತ್ತಿಲ್ಲ.

ಚಿತ್ರ ಬಿಡಿ, ಮ್ಯಾಪ್ ನೋಡಿ

ಇಲ್ಲೇ ನಾನು ಒಂದು ದಿನ ಹಾಳು ಮಾಡಿಕೊಂಡದ್ದು. ಏನು ಬೇಕೆಂದು ಬರೆಯುವ ಪ್ರಾಂಪ್ಟ್‌ನಲ್ಲಿ ಬೆಟ್ಟ, ದೊಡ್ಡ ಬೆಟ್ಟ, ಬಂಡೆ ಬೆಟ್ಟ ಎಂದು ಸೇರಿಸುತ್ತಾ ಹೋದೆ. ಬೆಟ್ಟ ಬಂತು, ಆದರೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಒಮ್ಮೆಯಂತೂ ಏರಿಯ ಮೇಲೆಯೇ ಎದ್ದು ನಿಂತಿತ್ತು.

ಆಮೇಲೆ `Allow Preview` ಟಿಕ್ ಮಾಡಿ, ಪ್ರಿಪ್ರೊಸೆಸರ್ ಪಕ್ಕದ ಸಣ್ಣ ಬಟನ್ ಒತ್ತಿ ಮ್ಯಾಪನ್ನೇ ತೆರೆದೆ. ಡೆಪ್ತ್ ಮ್ಯಾಪ್‌ನಲ್ಲಿ ಹತ್ತಿರದ್ದು ಬಿಳಿ, ದೂರದ್ದು ಕಪ್ಪು. ಫೋಟೋದ ಬಲ ಅಂಚಿನಲ್ಲಿ ಒಂದು ಕರೆಂಟ್ ಕಂಬ ಇತ್ತು, ಫೋಟೋ ತೆಗೆದವರಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಮ್ಯಾಪ್‌ನಲ್ಲಿ ಅದು ಟ್ಯೂಬ್‌ಲೈಟ್ ಥರ ಹೊಳೆಯುತ್ತಿತ್ತು. ಮರ ಮಂಕು ಬೂದು. ಏರಿ ಕಂಡೂ ಕಾಣದ ಹಾಗೆ. ಬೆಟ್ಟ ಇದ್ದ ಕಡೆ ಬರೀ ಕಪ್ಪು.

ಕಣ್ಣಿಗೆ ಕಪ್ಪು ಕಂಡರೆ ಸಾಲದು, ಎಷ್ಟು ಕಪ್ಪು ಅಂತ ಅಳೆಯಬೇಕು. ಮ್ಯಾಪ್ ಉಳಿಸಿ ಫೋಟೋಶಾಪ್‌ನಲ್ಲಿ ತೆರೆದು ಐಡ್ರಾಪರ್ ಇಟ್ಟೆ. 0 ಅಂದರೆ ಪೂರ್ತಿ ಕಪ್ಪು, 255 ಪೂರ್ತಿ ಬಿಳಿ. ಕಂಬ 250, ಮರ 70ರ ಆಸುಪಾಸು, ಏರಿ 31, ಬೆಟ್ಟ 6, ಆಕಾಶ 1. ಬೆಟ್ಟಕ್ಕೂ ಆಕಾಶಕ್ಕೂ ಇರುವ ಅಂತರ ಐದು ಮೆಟ್ಟಿಲು. ಮಾಡೆಲ್‌ಗೆ ಅದೂ ಆಕಾಶ, ಇದೂ ಆಕಾಶ.

ಹೀಗೇಕೆ ಆಗುತ್ತದೆ ಅನ್ನುವುದು ತಿಳಿದರೆ ಮುಂದಿನ ಸಲ ಫೋಟೋ ನೋಡಿದ ಕೂಡಲೇ ಗೊತ್ತಾಗುತ್ತದೆ. ನಾನು ಬಳಸಿದ `depth_midas` ಮೀಟರ್ ಲೆಕ್ಕದಲ್ಲಿ ದೂರ ಅಳೆಯುವುದಿಲ್ಲ. ದೂರದ ತಿರುವುಮುರುವನ್ನು, ಅಂದರೆ ಒಂದನ್ನು ದೂರದಿಂದ ಭಾಗಿಸಿದ ಹಾಗಿನ ಬೆಲೆಯನ್ನು ಅಂದಾಜು ಮಾಡುತ್ತದೆ. ಆಮೇಲೆ ಆ ಚಿತ್ರದಲ್ಲಿ ಅತಿ ಹತ್ತಿರ ಇರುವುದನ್ನು ಬಿಳಿಗೆ, ಅತಿ ದೂರದ್ದನ್ನು ಕಪ್ಪಿಗೆ ಎಳೆದು ಹೊಂದಿಸುತ್ತದೆ. ಸುಮ್ನೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಕಂಬ 4 ಮೀಟರ್, ಅದಕ್ಕೆ 255. ಮರ 20 ಮೀಟರ್, ಅಂದರೆ ಐದು ಪಟ್ಟು ದೂರ, ಅದಕ್ಕೆ 51. ಏರಿ 60 ಮೀಟರ್, 17. ಬೆಟ್ಟ ಒಂದು ಕಿಲೋಮೀಟರ್, ಅದಕ್ಕೆ ಉಳಿಯುವುದು 1. ನಿಜವಾದ ಮ್ಯಾಪ್ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಅಂದಾಜು ತಾನೇ. ಆದರೆ ದಾರಿ ಇದೇ. ಮುಂದೆ ನಿಂತ ಒಂದು ಕಂಬ ಇಡೀ ಬಣ್ಣದ ಪಟ್ಟಿಯನ್ನೇ ತಿಂದುಬಿಡುತ್ತದೆ.

ಬೇಸಿಗೆ ಚಿತ್ರದಲ್ಲಿ ಬೆಟ್ಟ ಹೇಗೆ ಬಂತು ಹಾಗಾದರೆ? ಅದೃಷ್ಟ. ಹಗಲು, ಬಯಲು, ಬಂಡೆ ಅಂತ ಪ್ರಾಂಪ್ಟ್ ಇದ್ದಾಗ ಹಿಂದೆ ಒಂದು ಗುಡ್ಡ ಹಾಕುವುದು ಮಾಡೆಲ್‌ನ ಅಭ್ಯಾಸ. ಅದು ನಮ್ಮ ಬೆಟ್ಟದ ಜಾಗದಲ್ಲೇ ಸರಿಸುಮಾರು ಕೂತಿತ್ತು. ಫೋಟೋವನ್ನೂ ಆ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ತುದಿ ಒಂದು ಬೆರಳು ಆಚೆ ಇತ್ತು. ಅಂದರೆ ದೋಷ ಮೊದಲ ಹಾಳೆಯಿಂದಲೇ ಇತ್ತು, ನಾನು ನೋಡಿರಲಿಲ್ಲ.

ಕಂಬ ತೆಗೆದರೂ ಸಾಲದು

ಮೊದಲು ಫೋಟೋದಿಂದಲೇ ಕಂಬವನ್ನು ಕತ್ತರಿಸಿದೆ. ಬಲಗಡೆ ಸ್ವಲ್ಪ, ಕೆಳಗಡೆ ಸ್ವಲ್ಪ. ಕೆಳಗಡೆ ಯಾಕೆಂದರೆ ಕಾಲ ಬುಡದ ನೆಲವೂ ಕಂಬದಷ್ಟೇ ಹತ್ತಿರ, ಅದೂ ಬಿಳಿಯನ್ನು ತಿನ್ನುತ್ತದೆ. ಅಳತೆ 4:3 ಉಳಿಸಿಕೊಂಡೆ, ಕೊನೆಗೆ 768×576. ಈಗ ಅತಿ ಹತ್ತಿರದ್ದು ಅರಳಿ ಮರ. ಹೊಸ ಮ್ಯಾಪ್‌ನಲ್ಲಿ ಏರಿ 95ಕ್ಕೆ ಏರಿತು. ಬೆಟ್ಟ? 14. ಉತ್ತಮ, ಆದರೆ ಸಾಲದು. ಮೇಲಿನ ಲೆಕ್ಕವೇ ಹೇಳುತ್ತದೆ: 20 ಮೀಟರ್‌ಗೆ 255 ಕೊಟ್ಟರೂ ಕಿಲೋಮೀಟರ್‌ಗೆ ಸಿಗುವುದು 5 ಮಾತ್ರ.

ಆದ್ದರಿಂದ ಕೈಯಿಂದಲೇ ಬಳಿಯಬೇಕು. ಡೆಪ್ತ್ ಮ್ಯಾಪ್ ಅಂದರೆ ಮುಟ್ಟಬಾರದ ಅಳತೆಪಟ್ಟಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಅದೊಂದು ಕಪ್ಪುಬಿಳುಪು ಚಿತ್ರ. ಮಾಡೆಲ್‌ಗೆ ಬೇಕಾದದ್ದು ನಿಖರವಾದ ದೂರ ಅಲ್ಲ, ಯಾವುದು ಮುಂದೆ ಯಾವುದು ಹಿಂದೆ ಅನ್ನುವ ಕ್ರಮ ಮತ್ತು ಎಲ್ಲಿ ಅಂಚು ಇದೆ ಅನ್ನುವುದು. ಬೆಟ್ಟದ ಸುತ್ತ ಪೆನ್ ಟೂಲ್‌ನಲ್ಲಿ ಸೆಲೆಕ್ಷನ್ ಎಳೆದು 50ಕ್ಕೆ ತುಂಬಿಸಿದೆ. ತುದಿಯ ಕಡೆ ಸ್ವಲ್ಪ ಕಡಿಮೆ, ಬುಡದ ಕಡೆ ಸ್ವಲ್ಪ ಜಾಸ್ತಿ, ಹಾಗೆ ಗ್ರೇಡಿಯಂಟ್. ಏರಿಯ 95ಕ್ಕಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಬೆಟ್ಟ ಏರಿಗಿಂತ ಮುಂದೆ ಬಂದು ಬಿಡುತ್ತದೆ. ಆಕಾಶ ಪೂರ್ತಿ 0.

ಈ ಮ್ಯಾಪನ್ನು ವಾಪಸ್ ಹಾಕುವಾಗ ಇನ್ನೊಂದು ಹಳ್ಳ ಇದೆ, ನಾನು ನೇರವಾಗಿ ಅದರಲ್ಲೇ ಬಿದ್ದೆ. ಪ್ರಿಪ್ರೊಸೆಸರ್ `depth_midas` ಹಾಗೇ ಬಿಟ್ಟಿದ್ದೆ. ಅದು ನನ್ನ ಮ್ಯಾಪನ್ನೇ ಒಂದು ಫೋಟೋ ಅಂದುಕೊಂಡು, ಅದರ ಮೇಲೆ ಮತ್ತೊಂದು ಡೆಪ್ತ್ ಅಂದಾಜು ಮಾಡಿ, ನಾನು ಬಳಿದ ಬೆಟ್ಟವನ್ನು ಮತ್ತೆ ಕಲಸಿಬಿಟ್ಟಿತು. ತಯಾರಾದ ಮ್ಯಾಪ್ ಕೊಡುವಾಗ ಪ್ರಿಪ್ರೊಸೆಸರ್ `none` ಇರಲೇಬೇಕು. ಪ್ರಿವ್ಯೂನಲ್ಲಿ ನೀವು ಕೊಟ್ಟದ್ದೇ ಕಂಡರೆ ಸರಿ. ಬೇರೆ ಏನೋ ಕಂಡರೆ ಇದೇ ತಪ್ಪು.

ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ದೃಶ್ಯ ಕಟ್ಟಿ, ದೂರ ತೋರಿಸುವ ಮಿಸ್ಟ್ ಪಾಸ್ ಚಿತ್ರ ತೆಗೆದು ತರುವವರಿಗೆ ಇನ್ನೊಂದು ಮಾತು. ಅಲ್ಲಿ ಹತ್ತಿರದ್ದು ಕಪ್ಪು, ದೂರದ್ದು ಬಿಳಿ. ತಿರುಗಿಸದೆ ಕೊಟ್ಟರೆ ಆಕಾಶ ಗೋಡೆಯಾಗಿ ಮುಂದೆ ಬರುತ್ತದೆ, ಮರ ಗೋಡೆಯಲ್ಲಿನ ತೂತಾಗುತ್ತದೆ. ಒಮ್ಮೆ ಕಂಡರೆ ಮರೆಯುವುದಿಲ್ಲ.

ಸ್ಕೆಚ್ ಸೇರಿಸಿದಾಗ ಎರಡು ಬೆಟ್ಟ

ಬೆಟ್ಟ ಬಂತು. ಆದರೆ ತುದಿ ಮೆತ್ತಗಿತ್ತು, ಇಡ್ಲಿ ಹಾಗೆ. ಮಧುಗಿರಿಯದು ಏಕಶಿಲಾ ಬೆಟ್ಟ, ಅದರ ಒಂದು ಕಡೆಯ ಇಳಿಜಾರಿಗೆ ತನ್ನದೇ ಒಂದು ಗೆರೆ ಇದೆ. ಅದಕ್ಕಾಗಿ ಕಂಟ್ರೋಲ್‌ನೆಟ್‌ನ ಎರಡನೇ ಯೂನಿಟ್‌ನಲ್ಲಿ, ಅಂದರೆ ಇನ್ನೊಂದು ಮ್ಯಾಪ್ ಹಾಕುವ ಜಾಗದಲ್ಲಿ, ಒಂದು ಸ್ಕೆಚ್ ಕೊಡೋಣ ಅಂದುಕೊಂಡೆ. ಅಂಗಡಿಯ ಹುಡುಗ ನೋಟ್‌ಬುಕ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬಿಡಿಸಿದ, ಫೋನಿನಲ್ಲಿ ಫೋಟೋ ತೆಗೆದೆವು.

ಬಂದ ಚಿತ್ರದಲ್ಲಿ ಆಕಾಶದ ತುಂಬ ಕರೆಂಟ್ ತಂತಿ. ಕಂಬ ತೆಗೆದು ಹಾಕಿದ್ದೆ, ತಂತಿ ಎಲ್ಲಿಂದ ಬಂತು? ಪ್ರಿವ್ಯೂ ತೆರೆದರೆ ಉತ್ತರ ಎದುರಿಗೇ ಇತ್ತು: ನೋಟ್‌ಬುಕ್‌ನ ಗೆರೆಗಳು. ಜೊತೆಗೆ ಒಂದು ಮೂಲೆಯಲ್ಲಿ ನನ್ನ ಕೈಯ ನೆರಳಿನ ಅಂಚು. ಸ್ಕೆಚ್ ಓದುವ ಮಾಡೆಲ್‌ಗೆ ಯಾವ ಗೆರೆ ಬೇಕಾದದ್ದು, ಯಾವುದು ಬೇಡದ್ದು ಅನ್ನುವ ವಿವೇಚನೆ ಇಲ್ಲ. ಗೆರೆ ಅಂದರೆ ಗೆರೆ.

ಎರಡನೇ ದೋಷ ಇನ್ನೂ ತಮಾಷೆಯದು. ಬೆಟ್ಟದ ಹಿಂದೆ ಇನ್ನೊಂದು ಬೆಟ್ಟ, ನೆರಳಿನ ಹಾಗೆ. ಡೆಪ್ತ್ ಹೇಳಿದ ಅಂಚು ಒಂದು ಕಡೆ, ಸ್ಕೆಚ್ ಹೇಳಿದ ಅಂಚು ಇನ್ನೊಂದು ಕಡೆ. ಹಾಳೆಯನ್ನು ಓರೆಯಾಗಿ ಹಿಡಿದು ಫೋಟೋ ತೆಗೆದದ್ದು, ಅದೂ ಉದ್ದುದ್ದ ಹಾಳೆ. `Crop and Resize` ಅದನ್ನು 4:3ಕ್ಕೆ ಕತ್ತರಿಸುವಾಗ ಗೆರೆ ಮೇಲಕ್ಕೆ ಸರಿದಿತ್ತು. ಎರಡು ಯೂನಿಟ್ ಬಳಸುವಾಗ ಎರಡೂ ಚಿತ್ರದ ಅಳತೆ ಒಂದೇ ಇರಬೇಕು, ಬೆಟ್ಟದ ತುದಿ ಎರಡರಲ್ಲೂ ಒಂದೇ ಪಿಕ್ಸೆಲ್ ಮೇಲೆ ಕೂರಬೇಕು. ಇಲ್ಲದಿದ್ದರೆ ಮಾಡೆಲ್ ಇಬ್ಬರ ಮಾತನ್ನೂ ಕೇಳುತ್ತದೆ.

ಕಾಗದ ಬಿಟ್ಟೆ. ಕತ್ತರಿಸಿದ ಫೋಟೋದ ಮೇಲೇ ಹೊಸ ಲೇಯರ್ ಮಾಡಿ, ಕಪ್ಪು ತುಂಬಿಸಿ, ಅದರ ಒಪಾಸಿಟಿ ಇಳಿಸಿ, ಇನ್ನೊಂದು ಲೇಯರ್‌ನಲ್ಲಿ ಬೆಟ್ಟದ ಗೆರೆಯನ್ನು ಬಿಳಿಯಲ್ಲಿ ಎಳೆದೆ. ಮುಗಿದ ಮೇಲೆ ಕಪ್ಪನ್ನು ಪೂರ್ತಿ ಕಪ್ಪು ಮಾಡಿ ಉಳಿಸಿದೆ. ಸ್ಕೆಚ್ ಓದುವ ಈ ಸ್ಕ್ರಿಬಲ್ ಮಾಡೆಲ್‌ಗೆ ಬೇಕಾದದ್ದು ಕಪ್ಪಿನ ಮೇಲೆ ಬಿಳಿ ಗೆರೆಯೇ, ಹಾಗಾಗಿ ಇಲ್ಲೂ ಪ್ರಿಪ್ರೊಸೆಸರ್ `none`. ಬಿಳಿ ಹಾಳೆಯ ಕಪ್ಪು ಗೆರೆ ಕೊಡುವುದಾದರೆ `invert (from white bg & black line)` ಆರಿಸಬೇಕು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ, ಮುಂದೆ ಕೆಲಸಕ್ಕೆ ಬರುತ್ತದೆ. ಸ್ಕೆಚ್‌ನಲ್ಲಿ ಕಪ್ಪು ಅಂದರೆ ನಾನು ಏನೂ ಹೇಳುತ್ತಿಲ್ಲ ಅಂತ. ಅಲ್ಲಿ ಮಾಡೆಲ್ ತನಗೆ ತೋಚಿದ್ದನ್ನು ತುಂಬುತ್ತದೆ. ಡೆಪ್ತ್‌ನಲ್ಲಿ ಕಪ್ಪು ಅಂದರೆ ಇಲ್ಲಿ ದೂರ ಇದೆ, ಅಡ್ಡ ಏನೂ ಇಲ್ಲ ಅನ್ನುವ ಗಟ್ಟಿ ಮಾತು. ಬರೀ ಸ್ಕೆಚ್ ಇಟ್ಟು ನೋಡಿದಾಗ ಅಂಗಡಿ ಹೆಸರಿಗೆ ಬಿಟ್ಟ ಆಕಾಶದಲ್ಲಿ ತೆಂಗಿನ ಗರಿಗಳು ಇಳಿಬಿದ್ದವು. ಡೆಪ್ತ್ ಸೇರಿದ ಕೂಡಲೇ ಅವು ಮಾಯ. ಖಾಲಿ ಜಾಗ ಕಾಯಬೇಕಾದರೆ ಡೆಪ್ತ್, ಗೆರೆಯ ರೂಪ ಕಾಯಬೇಕಾದರೆ ಸ್ಕೆಚ್.

ಜಾಗ ಸರಿ, ಕಾಲ ಬದಲಾಗಲ್ಲ

ಈಗ ಉಲ್ಟಾ ತೊಂದರೆ. ಫೋಟೋ ತೆಗೆದದ್ದು ಶಿವರಾತ್ರಿ ಆಸುಪಾಸು, ಅರಳಿ ಮರ ಎಲೆ ಉದುರಿಸಿ ನಿಂತಿತ್ತು. ಮಳೆಗಾಲದ ಹಾಳೆಯಲ್ಲೂ ಅದೇ ಬೋಳು ಕೊಂಬೆ. ಕೆಳಗೆ ಹಸಿರು ಹುಲ್ಲು, ನೀರು ತುಂಬಿದ ಕೆರೆ, ನಡುವೆ ಒಣಗಿದ ಮರ. ಪ್ರಾಂಪ್ಟ್‌ನಲ್ಲಿ ದಟ್ಟ ಎಲೆ ಅಂತ ಎಷ್ಟು ಬರೆದರೂ ಕೊಂಬೆಗೆ ನಾಲ್ಕು ಎಲೆ ಅಂಟಿಸಿದ ಹಾಗೆ.

ಮ್ಯಾಪ್ ನೋಡಿದರೆ ಮರದ ಕೊಂಬೆಗಳ ಸಂದಿನಲ್ಲಿ ಕಪ್ಪು ಕಿಂಡಿಗಳು. ಇಲ್ಲಿ ಖಾಲಿ ಇದೆ ಅಂತ ಮ್ಯಾಪೇ ಹೇಳುತ್ತಿದೆ, ಮಾಡೆಲ್ ಎಲೆ ಎಲ್ಲಿ ಹಾಕಬೇಕು? ಮರದ ತಲೆಯ ಭಾಗವನ್ನು ಒಂದೇ ಬೂದು ಬಣ್ಣದ ಗುಡ್ಡೆಯಾಗಿ ಬಳಿದು, ಅಂಚನ್ನು ಬ್ಲರ್ ಮಾಡಿದೆ. ಕಾಂಡ ಹಾಗೇ ಬಿಟ್ಟೆ. ಬೇಸಿಗೆಗೆ ಒಂದು ಮ್ಯಾಪ್, ಉಳಿದ ಹಾಳೆಗಳಿಗೆ ಇನ್ನೊಂದು.

ಎರಡನೇ ಹಿಡಿ `Ending Control Step`. ಮಾಡೆಲ್ ಚಿತ್ರವನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟುತ್ತದೆ. ಒಟ್ಟು ಜೋಡಣೆ ಮೊದಲ ಹೆಜ್ಜೆಗಳಲ್ಲೇ ತೀರ್ಮಾನವಾಗುತ್ತದೆ, ಎಲೆ, ಕಲ್ಲು, ನೀರಿನ ಅಲೆ ಆಮೇಲೆ ಬರುತ್ತವೆ. 20 ಹೆಜ್ಜೆಯ ಚಿತ್ರದಲ್ಲಿ 0.6 ಇಟ್ಟರೆ 12ನೇ ಹೆಜ್ಜೆಗೆ ಕಂಟ್ರೋಲ್ ಕೈ ಬಿಡುತ್ತದೆ, ಉಳಿದ 8 ಹೆಜ್ಜೆ ಪ್ರಾಂಪ್ಟ್‌ನದು. ಎಲ್ಲರೂ ಮೊದಲು `Control Weight` ಇಳಿಸುತ್ತಾರೆ. ನಾನು ಅದಕ್ಕೆ ವಿರುದ್ಧ. ವೆಯ್ಟ್ ಜಾಸ್ತಿ ಇಳಿಸಿದರೆ ಶುರುವಿನ ಹಿಡಿತವೇ ಸಡಿಲವಾಗಿ ಬೆಟ್ಟ ಮತ್ತೆ ಓಡಾಡತೊಡಗುತ್ತದೆ. ಬೇಗ ಬಿಡುವುದು ಮೇಲು, ಸಡಿಲವಾಗಿ ಹಿಡಿಯುವುದಲ್ಲ. ಕೊನೆಗೆ ನನ್ನಲ್ಲಿ ನಿಂತ ಸೆಟ್ಟಿಂಗ್ ಇದು:

```
Size 768x576, Steps 20
Unit 0: none + control_v11f1p_sd15_depth
        Weight 0.85, Start 0, End 0.6
Unit 1: none + control_v11p_sd15_scribble
        Weight 0.5, Start 0, End 0.4
Control Mode: Balanced
```

ಇದಕ್ಕೂ ಬಗ್ಗದಿದ್ದರೆ `My prompt is more important` ಇದೆ. ಮಾಡೆಲ್‌ನ ಒಳಗೆ ಕಂಟ್ರೋಲ್ ಹದಿಮೂರು ಕಡೆ ಸೇರಿಕೊಳ್ಳುತ್ತದೆ, ಈ ಆಯ್ಕೆ ಅದರ ಬಲವನ್ನು ಪದರದಿಂದ ಪದರಕ್ಕೆ ಇಳಿಸುತ್ತಾ ಹೋಗುತ್ತದೆ. ನನಗೆ ಬೇಕಾಗಲಿಲ್ಲ.

ರಾತ್ರಿ ಹಾಳೆಯ ಕಥೆ ಬೇರೆ. ಬೆಟ್ಟ ಬಂದ ಮೇಲೂ ಅದು ಸಂಜೆ ಐದು ಗಂಟೆಯ ಹಾಗೇ ಇತ್ತು. ನೋಡಿದರೆ ನಾನು `img2img` ಟ್ಯಾಬ್‌ನಲ್ಲಿದ್ದೆ. ಅಲ್ಲಿ ಮೂಲ ಫೋಟೋದ ಬಣ್ಣ, ಬೆಳಕು ಕೂಡ ಒಳಗೆ ಹೋಗುತ್ತದೆ. ಮೂಲ ಫೋಟೋ ಎಷ್ಟು ಬದಲಾಗಬೇಕು ಅಂತ ಹೇಳುವ `Denoising strength` 0.5 ಇದ್ದರೆ ಹಗಲು ಅರ್ಧ ಉಳಿದೇ ಉಳಿಯುತ್ತದೆ. ಡೆಪ್ತ್ ಮ್ಯಾಪ್‌ಗೆ ಬೆಳಕಿನ ಗೊಡವೆ ಇಲ್ಲ, ಅದೇ ಅದರ ಉಪಯೋಗ. ಹಾಗಾಗಿ ಫೋಟೋ ಬಿಟ್ಟು `txt2img`ಗೆ ಹೋಗಿ, ಬರೀ ಮ್ಯಾಪ್ ಕೊಟ್ಟೆ. ಅಲ್ಲೂ ಕಾರ್ಗತ್ತಲು ಬರಲಿಲ್ಲ. ಎಸ್‌ಡಿ 1.5 ತಳಿಯ ಮಾಡೆಲ್‌ಗಳು ಚಿತ್ರದ ಸರಾಸರಿ ಬೆಳಕನ್ನು ನಡು ಬೂದು ಬಣ್ಣದ ಕಡೆಗೆ ಎಳೆಯುತ್ತವೆ, ಅವನ್ನು ಕಲಿಸಿದ ರೀತಿಯಲ್ಲೇ ಅದು ಬಂದಿದೆ. ಕಂಟ್ರೋಲ್ ತಿರುಪಿ ಪ್ರಯೋಜನ ಇಲ್ಲ. ತಿಳಿನೀಲಿ ರಾತ್ರಿ ಬಂದದ್ದನ್ನು ಒಪ್ಪಿಕೊಂಡು, ಫೋಟೋಶಾಪ್‌ನ ಕರ್ವ್ಸ್‌ನಲ್ಲಿ ಕತ್ತಲು ಮಾಡಿ, ಏರಿ ಮೇಲೆ ದೀಪದ ಸಾಲು ಕೈಯಲ್ಲಿ ಹಾಕಿದೆ.

ಕೋಟೆ ಮಾತ್ರ ಆಗಲಿಲ್ಲ

ಆರೂ ಹಾಳೆ ಒಂದರ ಮೇಲೊಂದು ಇಟ್ಟು ಆನ್ ಆಫ್ ಮಾಡಿದೆ. ಬೆಟ್ಟದ ಗೆರೆ ಅಲುಗಲಿಲ್ಲ. ಮರದ ಕಾಂಡ ಎರಡು ಮೂರು ಪಿಕ್ಸೆಲ್ ಆಚೀಚೆ, ಅದು ನಡೆಯುತ್ತದೆ. ಆದರೆ ಬೆಟ್ಟದ ಮೇಲಿನ ಕೋಟೆ ಗೋಡೆ ಒಂದೊಂದು ಹಾಳೆಯಲ್ಲಿ ಒಂದೊಂದು ಥರ. ಒಂದರಲ್ಲಿ ರಾಜಸ್ಥಾನದ ಅರಮನೆಯ ಹಾಗೆ ಕಮಾನು ಬೇರೆ.

ಇದು ಸೆಟ್ಟಿಂಗ್‌ನಿಂದ ಸರಿಹೋಗುವುದಲ್ಲ. ಎಸ್‌ಡಿ ಚಿತ್ರವನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಎಂಟು ಪಟ್ಟು ಕುಗ್ಗಿಸುತ್ತದೆ. 768×576 ಅಂದರೆ ಒಳಗೆ 96×72 ಚೌಕ. ನನ್ನ ಫೋಟೋದಲ್ಲಿ ಆ ಗೋಡೆಯ ಎತ್ತರ ಹೆಚ್ಚೆಂದರೆ ಹತ್ತು ಪಿಕ್ಸೆಲ್, ಅಂದರೆ ಒಳಗೆ ಒಂದು ಚೌಕಕ್ಕಿಂತ ಸ್ವಲ್ಪ ಮೇಲೆ. ಅಷ್ಟರಲ್ಲಿ ಯಾವ ಮ್ಯಾಪ್ ಏನು ಹೇಳೀತು? ಡೆಪ್ತ್ ಆಗಲಿ ಸ್ಕೆಚ್ ಆಗಲಿ ಜಾಗ ಕಾಯುತ್ತವೆ, ಇದು ಮಧುಗಿರಿಯದೇ ಗೋಡೆ ಅನ್ನುವ ಗುರುತು ಕಾಯುವುದಿಲ್ಲ. ಮೂಲ ಫೋಟೋದಿಂದ ಗೋಡೆಯ ಪಟ್ಟಿಯನ್ನು ಕತ್ತರಿಸಿ ಆರೂ ಹಾಳೆಗೆ ಅಂಟಿಸಿ, ಒಂದೊಂದರ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸಿದೆ. ಬೆಟ್ಟದ ಗೆರೆ ಆರರಲ್ಲೂ ಒಂದೇ ಕಡೆ ಇದ್ದುದರಿಂದ ಒಂದರಲ್ಲಿ ಕೂರಿಸಿದ ಲೇಯರ್ ಉಳಿದ ಐದರಲ್ಲೂ ಸರಿಸದೆ ಕೂತಿತು.

ಗಾಣದವರು ಪ್ರೂಫ್ ನೋಡಿ ಬೆಟ್ಟದ ಬಗ್ಗೆ ಏನೂ ಹೇಳಲಿಲ್ಲ. ಏರಿ ಮೇಲೆ ಒಂದು ಎತ್ತಿನ ಗಾಡಿ ಹಾಕಿ ಅಂದರು. ಡೆಪ್ತ್ ಮ್ಯಾಪ್ ತೆರೆದು ಏರಿಯ ಮೇಲೆ 100ರ ಬೂದು ಬಣ್ಣದಲ್ಲಿ ಗಾಡಿಯ ಆಕಾರ ಬಳಿಯುತ್ತಾ ಕೂತೆ.